ಚದರ ಮೀಟರಿನ ಲೆಕ್ಕವೂ ವೈದ್ಯನ ವಿವೇಚನೆಯೂ

ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವವರ ಚಿಕಿತ್ಸಾಪತ್ರವನ್ನು ಗಮನವಿಟ್ಟು ನೋಡಿದವರಿಗೆ, ರೋಗಿಯ ಎತ್ತರ ತೂಕಗಳ ಪಕ್ಕದಲ್ಲಿ ಬಿ.ಎಸ್.ಎ. ಎಂಬ ಮೂರಕ್ಷರಗಳೂ ಅವುಗಳ ಮುಂದೆ 1.42 ಎಂಬಂತಹ ಒಂದು ಸಂಖ್ಯೆಯೂ ಕಂಡಿರಬಹುದು. ಅದು ಆ ದೇಹದ ಮೇಲ್ಮೈ ವಿಸ್ತೀರ್ಣ. ರೋಗಿಯ ಚರ್ಮವನ್ನು ಅಳೆದು ಪಡೆದದ್ದಲ್ಲ, ಎತ್ತರ ತೂಕಗಳೆರಡರಿಂದ ಗಣಿಸಿ ಪಡೆದದ್ದು. ರೋಗವನ್ನು ಕುಗ್ಗಿಸುವ ಪ್ರಮಾಣಕ್ಕೂ ರೋಗಿಯನ್ನೇ ಕುಗ್ಗಿಸುವ ಪ್ರಮಾಣಕ್ಕೂ ಅಂತರ ಅತ್ಯಲ್ಪವಾಗಿರುವ ಔಷಧಗಳು ಈ ಸಂಖ್ಯೆಯನ್ನು ಆಶ್ರಯಿಸಿ ನಿರ್ಣಯವಾಗುತ್ತಿರುವುದರಿಂದ, ಅದು ಎಲ್ಲಿಂದ ಬಂತು, ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ರೋಗಿಯ ಮನೆಯವರೂ ತಿಳಿದಿರುವುದು ಯುಕ್ತ.

ಈ ಲೆಕ್ಕವು ಹುಟ್ಟಿದ್ದು ಔಷಧಕ್ಕಾಗಿ ಅಲ್ಲ. ಪ್ರಾಣಿಗಳು ಉತ್ಪಾದಿಸುವ ಶಾಖವು ಅವುಗಳ ತೂಕಕ್ಕಿಂತ ಮೇಲ್ಮೈಗೇ ಹೆಚ್ಚು ಅನುಗುಣವಾಗಿದೆಯೆಂದು ಜರ್ಮನಿಯ ಮ್ಯಾಕ್ಸ್ ರೂಬ್ನರ್ 1883ರಲ್ಲಿ ನಾಯಿಗಳನ್ನು ಪರೀಕ್ಷಿಸಿ ತೋರಿಸಿದ ಬಳಿಕ, ಮನುಷ್ಯನ ಮೇಲ್ಮೈಯನ್ನು ಸುಲಭವಾಗಿ ಅಂದಾಜು ಮಾಡುವ ಉಪಾಯ ಶರೀರಶಾಸ್ತ್ರಜ್ಞರಿಗೆ ಬೇಕಾಯಿತು. ಅಮೆರಿಕದ ಡೆಲಫೀಲ್ಡ್ ಡು ಬಾಯ್ಸ್ ಮತ್ತು ಯೂಜೀನ್ ಡು ಬಾಯ್ಸ್ ಎಂಬವರು, ತೆಳುವಾದ ಬಿಗಿಯುಡುಪು ತೊಟ್ಟವರ ಮೈಗೆ ಕಾಗದದ ಪಟ್ಟಿಗಳನ್ನಂಟಿಸಿ, ಹಾಗೆ ದೊರೆತ ಅಚ್ಚನ್ನು ಕತ್ತರಿಸಿ ಚಪ್ಪಟೆಯಾಗಿ ಹರಡಿ ಅಳೆದು, 1916ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಲೋಕವೆಲ್ಲ ದಶಕಗಳ ಕಾಲ ಬಳಸಿದ ಆ ಸೂತ್ರಕ್ಕೆ ಆಧಾರವಾದವರು ಕೇವಲ ಒಂಬತ್ತು ಮಂದಿ. ಡೊನಾಲ್ಡ್ ಪಿಂಕೆಲ್ ಎಂಬ ಅಮೆರಿಕದ ವೈದ್ಯರು 1958ರಲ್ಲಿ ಪ್ರಾಣಿಗಳು, ಮಕ್ಕಳು ಮತ್ತು ವಯಸ್ಕರಿಗೆ ಕೊಡುತ್ತಿದ್ದ ಕ್ಯಾನ್ಸರ್ ಔಷಧಗಳ ಪ್ರಮಾಣಗಳನ್ನು ಹೋಲಿಸಿ, ತೂಕಕ್ಕಿಂತ ಮೇಲ್ಮೈಯನ್ನು ಮಾನದಂಡವಾಗಿ ಹಿಡಿದರೆ ಅವು ಪರಸ್ಪರ ಹೊಂದಿಕೊಳ್ಳುತ್ತವೆಂದು ವಾದಿಸಿದ ತರುವಾಯ, ಶಾಖದ ಲೆಕ್ಕವು ಔಷಧದ ಲೆಕ್ಕವಾಗಿ ನೆಲೆಯೂರಿತು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಮೊಸ್ಟೆಲರ್ ಎಂಬವರು 1987ರಲ್ಲಿ ಸೂಚಿಸಿದ ಸರಳ ಸೂತ್ರ:

√(ಎತ್ತರ ಸೆಂ.ಮೀ. × ತೂಕ ಕೆ.ಜಿ. ÷ 3600)

ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ, 152 ಸೆಂಟಿಮೀಟರ್ ಎತ್ತರವೂ 48 ಕಿಲೋ ತೂಕವೂ ಉಳ್ಳ ಒಬ್ಬ ಸ್ತ್ರೀಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎರಡನ್ನೂ ಗುಣಿಸಿದರೆ 7296. ಅದನ್ನು 3600ರಿಂದ ಭಾಗಿಸಿದರೆ ಸುಮಾರು 2.03, ಅದರ ವರ್ಗಮೂಲ 1.42 ಚದರ ಮೀಟರ್. ಡಾಕ್ಸೊರುಬಿಸಿನ್ ಎಂಬ ಔಷಧವನ್ನು ಚದರ ಮೀಟರಿಗೆ 60 ಮಿಲಿಗ್ರಾಂನಂತೆ ಕೊಡಬೇಕೆಂದಿದ್ದರೆ, ಈಕೆಗೆ ಸಲ್ಲುವುದು ಸುಮಾರು 85 ಮಿಲಿಗ್ರಾಂ. ಡು ಬಾಯ್ಸ್ ಸೂತ್ರವನ್ನು ಹಿಡಿದರೂ ಉತ್ತರ 1.42 ಎಂದೇ ಬರುತ್ತದೆ. ಅದೇ ಎತ್ತರದ, ಆದರೆ 90 ಕಿಲೋ ತೂಗುವವರ ವಿಷಯದಲ್ಲಿ ಮೊಸ್ಟೆಲರ್ ಸೂತ್ರ 1.95 ಎಂದರೆ ಡು ಬಾಯ್ಸ್ ಸೂತ್ರ 1.86 ಎನ್ನುತ್ತದೆ; ಸ್ಥೂಲದೇಹಿಗಳಲ್ಲಿ ಸೂತ್ರಗಳು ಹೀಗೆ ಬೇರ್ಪಡುವುದರಿಂದ, ಒಂದು ಚಿಕಿತ್ಸೆಯ ಆದ್ಯಂತ ಒಂದೇ ಸೂತ್ರವನ್ನು ಅನುಸರಿಸುವುದು ಕ್ರಮ.

ಆದರೆ ಯಾವ ಸೂತ್ರ ಲೇಸೆಂಬ ಚರ್ಚೆಗಿಂತ, ಸೂತ್ರದೊಳಕ್ಕೆ ಹಾಕುವ ಅಂಕಿಗಳು ದಿಟವೇ ಎಂಬ ಪ್ರಶ್ನೆಯೇ ಗುರುತರವಾದದ್ದು. ಮೇಲಿನ ಸ್ತ್ರೀಯ ತೂಕವನ್ನು ಬರೆಯುವವರು 48ರ ಬದಲು 84 ಎಂದು ಬರೆದರೆ ವಿಸ್ತೀರ್ಣ 1.88 ಆಗಿ, ಔಷಧ 113 ಮಿಲಿಗ್ರಾಂಗೆ ಏರುತ್ತದೆ. ಅಂದರೆ ಸಲ್ಲಬೇಕಾದುದಕ್ಕಿಂತ ಮೂರನೆಯ ಒಂದು ಪಾಲು ಅಧಿಕ. ಕಂಪ್ಯೂಟರ್ ಈ ತಪ್ಪನ್ನು ಕಾಣಲಾರದು, ಏಕೆಂದರೆ 152 ಸೆಂಟಿಮೀಟರ್ ಎತ್ತರದ 84 ಕಿಲೋ ತೂಕದ ಸ್ತ್ರೀ ಅಸಂಭವಳೇನೂ ಅಲ್ಲ. ಹಿಂದಿನ ಸರದಿಯ ಸಂಖ್ಯೆಯನ್ನು ಮಗ್ಗುಲಲ್ಲಿಟ್ಟು ನೋಡುವ ಕಣ್ಣಿಗೆ ಮಾತ್ರ ಅದು ಥಟ್ಟನೆ ಕಾಣುತ್ತದೆ. ವರ್ಗಮೂಲದ ಗುಣದಿಂದ ತೂಕದಲ್ಲಿ ಶೇಕಡ 10ರ ವ್ಯತ್ಯಾಸ ಬಂದರೆ ಔಷಧದಲ್ಲಿ ಬರುವುದು ಸುಮಾರು ಶೇಕಡ 5 ಮಾತ್ರ ಎಂಬುದೇನೋ ನಿಜ. ಆದರೆ ಅನ್ನ ಸೇರದೆ ತಿಂಗಳುಗಟ್ಟಲೆ ಕೃಶರಾಗುತ್ತ ಬಂದವರಿಗೆ ಮೊದಲ ದಿನದ ತೂಕವನ್ನೇ ಹಿಡಿದು ಔಷಧ ಕೊಡುತ್ತ ಹೋದರೂ, ಹೊಟ್ಟೆಯಲ್ಲಿ ನೀರು ತುಂಬಿದವರ ತೂಕವನ್ನು ವಿಚಾರಿಸದೆ ಒಪ್ಪಿಕೊಂಡರೂ, ಆ ಸಣ್ಣ ವ್ಯತ್ಯಾಸವು ಸಣ್ಣದಾಗಿ ಉಳಿಯುವುದಿಲ್ಲ. ಆದುದರಿಂದ ರೋಗಿಯ ಬಾಯಿಮಾತಿನ ತೂಕವನ್ನಾಗಲಿ ಹಳೆಯ ಚೀಟಿಯ ತೂಕವನ್ನಾಗಲಿ ನಂಬದೆ, ಪ್ರತಿಸರದಿಯಲ್ಲಿಯೂ ಪಾದರಕ್ಷೆ ಕಳಚಿಸಿ ತಕ್ಕಡಿಯ ಮೇಲೆ ನಿಲ್ಲಿಸುವುದೇ ಸರಿಯಾದ ಪದ್ಧತಿ.

ಇಷ್ಟನ್ನೆಲ್ಲ ನಿಷ್ಠೆಯಿಂದ ಮಾಡಿದರೂ ಈ ಗಣಿತಕ್ಕೆ ತನ್ನದೇ ಆದ ಎಲ್ಲೆಗಳುಂಟು. ಮೊದಲನೆಯದು ಶಿಶುಗಳ ವಿಷಯ. ಅವರ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಬಹಳ ದೊಡ್ಡದು. ಅವರ ಯಕೃತ್ತು ಮೂತ್ರಪಿಂಡಗಳಾದರೋ ಇನ್ನೂ ಬಲಿತಿರುವುದಿಲ್ಲ. 60 ಸೆಂಟಿಮೀಟರ್ ಉದ್ದದ, 6 ಕಿಲೋ ತೂಕದ ಕೂಸಿಗೆ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ಚದರ ಮೀಟರಿಗೆ 1.5 ಮಿಲಿಗ್ರಾಂನಂತೆ ಲೆಕ್ಕಹಾಕಿದರೆ 0.47 ಮಿಲಿಗ್ರಾಂ ಆಗುತ್ತದೆ. ಕಿಲೋ ತೂಕಕ್ಕೆ 0.05 ಮಿಲಿಗ್ರಾಂನಂತೆ ಹಾಕಿದರೆ 0.30 ಮಾತ್ರ. ನರಗಳನ್ನು ಪೀಡಿಸಬಲ್ಲ ಔಷಧದಲ್ಲಿ ಈ ಅಂತರ ಅಲಕ್ಷಿಸತಕ್ಕದ್ದಲ್ಲ. ಎಳೆಯ ಕೂಸುಗಳಿಗೆ ತೂಕವನ್ನೇ ಹಿಡಿದು ಲೆಕ್ಕಮಾಡುವ ವಾಡಿಕೆ ಬಂದಿರುವುದು ಇದರಿಂದಲೇ.

ಎರಡನೆಯ ಎಲ್ಲೆ ಇನ್ನೂ ಮೂಲಭೂತವಾದದ್ದು. ದೇಹವು ಔಷಧವನ್ನು ಹೊರದೂಡುವುದು ಚರ್ಮದ ವಿಸ್ತಾರದಿಂದಲ್ಲ. ಯಕೃತ್ತು ಮೂತ್ರಪಿಂಡಗಳ ಕಾರ್ಯದಿಂದ. ವಯಸ್ಕರಲ್ಲಿ 33 ಕ್ಯಾನ್ಸರ್ ಔಷಧಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲ್ಮೈಯ ಲೆಕ್ಕದಿಂದ ರೋಗಿರೋಗಿಗಳ ನಡುವಣ ವ್ಯತ್ಯಾಸ ತಗ್ಗಿದ್ದು ಐದರಲ್ಲಿ ಮಾತ್ರವೆಂದು ಕಂಡುಬಂತು. ಕಾರ್ಬೊಪ್ಲಾಟಿನ್ ಎಂಬ ಔಷಧಕ್ಕೆ ವೈದ್ಯರು ಮೇಲ್ಮೈಯನ್ನು ಬಿಟ್ಟೇಬಿಟ್ಟು, ಕ್ಯಾಲ್ವರ್ಟ್ ಎಂಬವರು 1989ರಲ್ಲಿ ಕೊಟ್ಟ ಸೂತ್ರದಂತೆ, ಮೂತ್ರಪಿಂಡವು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆಂಬ ಸಂಖ್ಯೆಗೆ 25 ಕೂಡಿಸಿ, ರಕ್ತದಲ್ಲಿ ಔಷಧ ಎಷ್ಟು ಸಾಂದ್ರತೆಯಲ್ಲಿ ಎಷ್ಟು ಹೊತ್ತು ಇರಬೇಕೆಂಬ ಗುರಿಯ ಅಂಕಿಯಿಂದ ಗುಣಿಸುತ್ತಾರೆ. ಎತ್ತರ ತೂಕಗಳಲ್ಲಿ ಸರಿಸಮಾನರಾದ ಇಬ್ಬರಲ್ಲಿ ಒಬ್ಬರದು ನಿಮಿಷಕ್ಕೆ 60, ಮತ್ತೊಬ್ಬರದು 100 ಸೋಸುವ ಮೂತ್ರಪಿಂಡವಾದರೆ, ಗುರಿ 5 ಆಗಿದ್ದಾಗ ಮೊದಲನೆಯವರಿಗೆ 425, ಎರಡನೆಯವರಿಗೆ 625 ಮಿಲಿಗ್ರಾಂ ಸಲ್ಲುತ್ತದೆ. ಮೇಲ್ಮೈ ಇವರಿಬ್ಬರನ್ನೂ ಒಂದೇ ಎಂದೆಣಿಸುತ್ತಿತ್ತು.

ಹಾಗೆಂದು ಮೇಲ್ಮೈಯ ಲೆಕ್ಕವನ್ನು ತ್ಯಜಿಸಬೇಕೆಂದು ನಾನು ಹೇಳುವುದಿಲ್ಲ. ಅಸಂಖ್ಯಾತ ಚಿಕಿತ್ಸಾ ಪ್ರಯೋಗಗಳ ಅನುಭವವೆಲ್ಲ ಚದರ ಮೀಟರಿನ ಭಾಷೆಯಲ್ಲಿಯೇ ದಾಖಲಾಗಿದೆ. ಅದನ್ನು ಬಿಟ್ಟರೆ ಆ ಅನುಭವದ ನೆರವನ್ನೂ ಬಿಟ್ಟಂತಾಗುತ್ತದೆ. ಅದು ಮೊದಲ ಸರದಿಗೆ ಒಂದು ಒಪ್ಪಿತವಾದ ಆರಂಭಬಿಂದು. ಎರಡನೆಯ ಸರದಿಯಿಂದ ಮುಂದೆ ಬಿಳಿರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ, ರೋಗಿಯು ಅನುಭವಿಸಿದ ಬಾಧೆ, ಇವು ಪ್ರಮಾಣವನ್ನು ತಿದ್ದಬೇಕು. ಎರಡು ದಶಮಾಂಶಗಳವರೆಗೆ ಬರೆದ ಸಂಖ್ಯೆಯು ಅಷ್ಟೇ ನಿಖರವಾದ ಜ್ಞಾನವೆಂದು ಭ್ರಮಿಸುವುದು ಮಾತ್ರ ಸಲ್ಲದು.

ಆಸ್ಪತ್ರೆಗಳು ಪ್ರತಿ ಚಿಕಿತ್ಸಾಪತ್ರದಲ್ಲಿಯೂ ಆ ದಿನವೇ ಅಳೆದ ಎತ್ತರ ತೂಕಗಳು, ಬಳಸಿದ ಸೂತ್ರದ ಹೆಸರು, ಚದರ ಮೀಟರಿಗೆ ನಿಗದಿಯಾದ ಪ್ರಮಾಣ, ಕಡಿತ ಮಾಡಿದ್ದರೆ ಅದರ ಕಾರಣ, ಇವಿಷ್ಟನ್ನೂ ಸ್ಪಷ್ಟವಾಗಿ ಬರೆಯಬೇಕು. ಔಷಧ ಸಿದ್ಧಪಡಿಸುವವರು ಅದನ್ನು ಸ್ವತಂತ್ರವಾಗಿ ಇನ್ನೊಮ್ಮೆ ಗಣಿಸಿ ನೋಡಬೇಕು. ರೋಗಿಯ ಕಡೆಯವರೂ, ತೂಕ ನೋಡದೆ ಔಷಧ ಏರಿಸಲು ಹೊರಟಲ್ಲಿ, ಇಂದು ತೂಕ ನೋಡಿದಿರಾ ಎಂದು ವಿನಯದಿಂದ ಕೇಳಲು ಹಿಂಜರಿಯಬಾರದು.