ಫಾದರ್‌ಗೆ ಬರಿಯೋ ಪತ್ರದಾಗ ಸುಳ್ಳ ಬ್ಯಾಡ್ರಿ

ನಮ್ಮ ಅಕ್ಕನ ಮಗಳು ಸೇಡಂದಾಕಿ, ಲಿಂಗಾಯತರ ಹುಡುಗಿ. ಆಕಿ ಮೆಚ್ಚಿದ ಹುಡುಗ ವಾಡಿಯವ, ಕ್ಯಾಥೊಲಿಕ್. ಚರ್ಚಿನ್ಯಾಗ ಲಗ್ನ ಮಾಡೂಣು ಅಂತ ಎರಡೂ ಮನಿಯವ್ರು ಒಪ್ಪಿದ್ರು. ಫಾದರ್‌ಗೆ ಪತ್ರ ಬರಿಲಾಕ ಕುಂತಾಗ ನಮ್ಮ ಮಾವ, "ಹುಡುಗಿ ಮುಂದ ಜ್ಞಾನಸ್ನಾನ ತಗೋತಾಳ ಅಂತ ಬರದಬಿಡ್ರಿ, ಕೆಲಸ ಸಲೀಸ ಆಗ್ತದ" ಅಂದ್ರು. ನಾ ಬ್ಯಾಡ ಅಂದೆ.

ಯಾಕಂದ್ರ ಆ ಸುಳ್ಳು ಬೇಕಾಗೇ ಇಲ್ರಿ. ಜ್ಞಾನಸ್ನಾನ ಆಗದವರನ್ನ ಕ್ಯಾಥೊಲಿಕ್ ಹುಡುಗ ಮದಿ ಆಗ್ಬೇಕಂದ್ರ ಬಿಷಪ್ಪರ ಅನುಮತಿ ಬೇಕು. ಅದಿಲ್ಲಂದ್ರ ಚರ್ಚು ಆ ಮದಿನ ಮದಿ ಅನ್ನಂಗಿಲ್ಲ. ಅನುಮತಿಗೆ ಮಾತು ಕೊಡಾಂವ ಹುಡುಗ ಅಷ್ಟ: ನನ್ನ ವಿಶ್ವಾಸ ಬಿಡಂಗಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡ್ಸಲಾಕ ಕೈಲಾದಷ್ಟು ಮಾಡ್ತೀನಿ ಅಂತ. ಹುಡುಗಿಗೆ ಅದು ಗೊತ್ತಿರಬೇಕು, ಆಕಿ ಧರ್ಮ ಬದಲಿಸಬೇಕಂತ ಇಲ್ಲ. ಕಡೀಕ ನಾವು ಬರದದ್ದು ಹಿಂಗಿತ್ತು:

"ಪೂಜ್ಯ ಫಾದರ್ ಅವರಿಗೆ ನಮಸ್ಕಾರಗಳು. ನಮ್ಮಲ್ಲಿ ಒಬ್ಬರು ನಿಮ್ಮ ಚರ್ಚಿನವರು, ಒಬ್ಬರು ಲಿಂಗಾಯತರು. ಇಬ್ಬರೂ ಧರ್ಮ ಬದಲಿಸುವುದಿಲ್ಲ. ಹುಡುಗಿ ಇಷ್ಟಲಿಂಗ ಪೂಜೆ ಬಿಡುವುದಿಲ್ಲ. ಮಕ್ಕಳ ಬಗ್ಗೆ ಹುಡುಗ ಕೊಡಬೇಕಾದ ಮಾತು ಆಕೆಗೆ ಗೊತ್ತಿದೆ, ಆದರೆ ಆಕೆ ಇನ್ನೂ ಪೂರ್ತಿ ಒಪ್ಪಿಲ್ಲ. ಮನೆಯಲ್ಲಿ ಅಕ್ಷತೆ ಹಾಕಬೇಕೆಂದು ಆಕೆಯ ತಾಯಿಯ ಆಸೆ. ಅದು ನಡೆಯುತ್ತದೆಯೋ ತಿಳಿಸಿ. ಬಿಷಪ್ಪರ ಅನುಮತಿ ತರಿಸಿ, ನಮ್ಮ ಮದುವೆ ನೆರವೇರಿಸಿಕೊಡಬೇಕೆಂದು ಬೇಡುತ್ತೇವೆ." ಕೆಳಗ ಇಬ್ಬರದೂ ಸಹಿ.

ಮಕ್ಕಳ ಮಾತು ಓದಿ ಅಕ್ಕ ಅಂಜಿದ್ಳು. ಆದ್ರ ಫಾದರ್ ಇಬ್ಬರನ್ನೂ ಕರಸಿ, ಬ್ಯಾರೆ ಬ್ಯಾರೆ ಕುಂದ್ರಿಸಿ ಅದನ್ನೇ ಕೇಳಿದ್ರು. ಸುಳ್ಳ ಬರದಿದ್ರ ಅಲ್ಲೇ ಸಿಗ್ತಿತ್ತು. ಅಲ್ಲಿ ಸಿಗದಿದ್ರ ಕೂಸು ಹುಟ್ಟಿದ ಮ್ಯಾಲ ತೊಟ್ಟಿಲ ಮುಂದ ಜಗಳ ಆಗ್ತಿತ್ತು.

ಅಕ್ಷತೆ ಮಾತಿಗೂ ಉತ್ತರ ಬಂತು. ಒಂದು ಸಲ ಚರ್ಚಿನ್ಯಾಗ ಒಪ್ಪಿಗಿ ಕೊಟ್ಟ ಮ್ಯಾಲ, ಇಲ್ಲಾ ಅದಕ್ಕಿಂತ ಮೊದಲ, ಮತ್ತೊಂದು ಧರ್ಮದ ಲಗ್ನ ಮಾಡಬಾರದಂತ ಅವರ ನಿಯಮ ಅದ. ಹಂಗಾಗಿ ತಾಳಿ ಚರ್ಚಿನ್ಯಾಗೇ ಕಟ್ಟಿದ, ಮನ್ಯಾಗ ಹಿರೇರು ಊಟದ ಹೊತ್ತಿಗೆ ಹರಸಿದ್ರು. ಅಕ್ಕನ ಕಣ್ಣಾಗ ನೀರು ಬಂತು, ಖರೆ. ಆದ್ರ ಮೊದಲೇ ಗೊತ್ತಿದ್ದಕ್ಕ ಮಂಟಪದಾಗ ಯಾರೂ ಮುಖ ಮುರೀಲಿಲ್ಲ.

ಕಾನೂನಿನ ಮಾತೂ ಒಂದದ. 1955ರ ಹಿಂದೂ ವಿವಾಹ ಕಾಯ್ದೆಯಾಗ ಇಬ್ಬರೂ ಹಿಂದೂ ಇರಬೇಕು. 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಯಾಗ ಒಬ್ಬರು ಕ್ರಿಶ್ಚಿಯನ್ ಇದ್ರ ಸಾಕು. ಅದಕ್ಕ ಚರ್ಚಿನ ರಿಜಿಸ್ಟರ್‌ನ್ಯಾಗ ಬರದದ್ದೇ ನಮ್ಮ ಹುಡುಗಿಗೆ ಆಧಾರ.

ನಿಮ್ಮ ಮನ್ಯಾಗೂ ಇಂಥಾ ಲಗ್ನ ಬಂದ್ರ, ಬಿಷಪ್ಪರ ಅನುಮತಿ ಕೈಗೆ ಬರೂತನಕ ಲಗ್ನಪತ್ರಿಕಿ ಛಾಪಿಸಬ್ಯಾಡ್ರಿ.