ಇಡುಗಂಟು ಬೇರೆ, ಆಸ್ಪತ್ರೆಯ ಬಿಲ್ಲು ಬೇರೆ

ಆರೋಗ್ಯ ವಿಮೆ ಎಂಬ ಒಂದೇ ಹೆಸರು ಹೊತ್ತು ಎರಡು ಬಗೆಯ ಪಾಲಿಸಿಗಳು ನಮ್ಮ ಜಿಲ್ಲೆಯ ಮನೆಮನೆಗೂ ಬರುತ್ತಿವೆ. ಒಂದು ಆಸ್ಪತ್ರೆ ವೆಚ್ಚದ ವಿಮೆ. ಇನ್ನೊಂದು ಗಂಭೀರ ಕಾಯಿಲೆಯ ವಿಮೆ. ಏಜಂಟರು ಇದನ್ನು ಕ್ರಿಟಿಕಲ್ ಇಲ್‌ನೆಸ್ ಎನ್ನುತ್ತಾರೆ. ಎರಡನೆಯದರಲ್ಲಿ ಕಣ್ಣಿಗೆ ಕಾಣುವ ಮೊತ್ತ ದೊಡ್ಡದು, ಅನೇಕ ವೇಳೆ ಕಂತು ಚಿಕ್ಕದು. ಆದುದರಿಂದ ಮೊದಲನೆಯದರ ಬದಲಿಗೆ ಎರಡನೆಯದನ್ನೇ ಕೊಂಡು ನಿಶ್ಚಿಂತರಾಗುವವರಿದ್ದಾರೆ. ಇದು ಅಪಾಯದ ನಿಶ್ಚಿಂತೆ ಎಂಬುದು ನಮ್ಮ ಅಭಿಪ್ರಾಯ.

ಆಸ್ಪತ್ರೆ ವೆಚ್ಚದ ವಿಮೆ ಬಿಲ್ಲನ್ನು ನೋಡುತ್ತದೆ. ಕಾಯಿಲೆ ಯಾವುದೇ ಇರಲಿ, ಪಾಲಿಸಿ ಹೊರಗಿಟ್ಟಿರದಿದ್ದರೆ, ಆಸ್ಪತ್ರೆಯಲ್ಲಿ ಖರ್ಚಾದ ಹಣವನ್ನು ಮಿತಿಯೊಳಗೆ ಅದು ತುಂಬಿಕೊಡುತ್ತದೆ. ಖರ್ಚಾದುದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಇಂಥ ಎರಡು ಪಾಲಿಸಿಗಳಿದ್ದರೂ ಒಂದೇ ಬಿಲ್ಲಿಗೆ ಎರಡು ಬಾರಿ ಹಣ ಸಿಗದು. ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡೂ ಈ ಜಾತಿಯದೇ.

ಗಂಭೀರ ಕಾಯಿಲೆಯ ವಿಮೆ ಬಿಲ್ಲನ್ನು ಕೇಳುವುದಿಲ್ಲ, ರೋಗನಿರ್ಣಯವನ್ನು ಕೇಳುತ್ತದೆ. ಪಟ್ಟಿಯಲ್ಲಿ ಹೆಸರಿಸಿದ ಕಾಯಿಲೆ, ಪಾಲಿಸಿಯಲ್ಲಿ ವಿವರಿಸಿದಷ್ಟೇ ತೀವ್ರತೆಯಲ್ಲಿ ಬಂದಿದೆ ಎಂದು ರುಜುವಾತಾದರೆ ಪೂರ್ತಿ ಮೊತ್ತವನ್ನು ಇಡುಗಂಟಾಗಿ ಕೊಡುತ್ತದೆ. ಆಸ್ಪತ್ರೆಯಲ್ಲಿ ಇಪ್ಪತ್ತು ಸಾವಿರವೇ ಖರ್ಚಾಗಿದ್ದರೂ ಹತ್ತು ಲಕ್ಷದ ಪಾಲಿಸಿ ಹತ್ತು ಲಕ್ಷ ಕೊಡುತ್ತದೆ. ಹಣವನ್ನು ಸಾಲ ತೀರಿಸಲು ಬಳಸಿದರೂ ಮಕ್ಕಳ ಶುಲ್ಕ ಕಟ್ಟಲು ಬಳಸಿದರೂ ಕೇಳುವವರಿಲ್ಲ. ಸಾಮಾನ್ಯವಾಗಿ ಒಮ್ಮೆ ಪೂರ್ತಿ ಮೊತ್ತ ಕೊಟ್ಟರೆ ಆ ಪಾಲಿಸಿ ಅಲ್ಲಿಗೆ ಮುಗಿಯಿತು.

ಈ ವಿಮೆ ಹುಟ್ಟಿದ್ದು ದಕ್ಷಿಣ ಆಫ್ರಿಕದಲ್ಲಿ, 1983ರಲ್ಲಿ. ಅದರ ಹಿಂದಿದ್ದವರು ಹೃದಯ ಶಸ್ತ್ರವೈದ್ಯ ಮಾರಿಯಸ್ ಬರ್ನಾರ್ಡ್. ತಾವು ಬದುಕಿಸಿದ ರೋಗಿಗಳು ಹಣವಿಲ್ಲದೆ ಕುಸಿಯುವುದನ್ನು ಅವರು ಕಂಡಿದ್ದರು. ಕಾಯಿಲೆಯನ್ನು ದಾಟಿ ಬದುಕುವವನ ಕೈಗೆ ಹಣ ಸೇರಬೇಕೆಂಬುದೇ ಇದರ ಉದ್ದೇಶ. ‘ಬದುಕುಳಿಯುವ ಅವಧಿ’ ಎಂಬ ಷರತ್ತಿನ ಮೂಲವೂ ಇಲ್ಲಿಯೇ ಇದೆ. ರೋಗನಿರ್ಣಯವಾದ ದಿನದಿಂದ ಇಷ್ಟು ದಿನ ರೋಗಿ ಬದುಕಿದ್ದರೆ ಮಾತ್ರ ಇಡುಗಂಟು. ಹೆಚ್ಚಿನ ಪಾಲಿಸಿಗಳಲ್ಲಿ ಇದು 30 ದಿನ. ಕೆಲವದರಲ್ಲಿ ಇನ್ನೂ ಕಡಿಮೆ, ಕೆಲವದರಲ್ಲಿ ಈ ಷರತ್ತೇ ಇಲ್ಲ. ಸತ್ತವರ ಕುಟುಂಬಕ್ಕೆ ಹಣ ಕೊಡುವುದು ಜೀವವಿಮೆಯ ಕೆಲಸ, ನಮ್ಮದಲ್ಲ ಎಂಬುದು ಕಂಪೆನಿಗಳ ವಾದ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬದಿಯಡ್ಕದ ಕಡೆಯ 46 ವರ್ಷದ ಅಡಿಕೆ ಕೃಷಿಕರೊಬ್ಬರಲ್ಲಿ ಐದು ಲಕ್ಷದ ಆಸ್ಪತ್ರೆ ವೆಚ್ಚದ ವಿಮೆಯೂ ಹತ್ತು ಲಕ್ಷದ ಗಂಭೀರ ಕಾಯಿಲೆಯ ವಿಮೆಯೂ ಇವೆ. ಎರಡನೆಯದರ ಬದುಕುಳಿಯುವ ಅವಧಿ 30 ದಿನ. ಮಾರ್ಚ್ 3ರಂದು ಎದೆನೋವು ಬಂದು ಅವರನ್ನು ಮಂಗಳೂರಿಗೆ ಒಯ್ಯುತ್ತಾರೆ. ಇಸಿಜಿಯಲ್ಲಿ ಹೊಸ ಬದಲಾವಣೆ ಕಾಣುತ್ತದೆ, ರಕ್ತದಲ್ಲಿ ಟ್ರೋಪೋನಿನ್ ಏರಿರುತ್ತದೆ. ಹೃದಯಾಘಾತವೆಂದು ವೈದ್ಯರು ಬರೆಯುತ್ತಾರೆ. ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕುತ್ತಾರೆ. ಬಿಲ್ಲು 2,60,000 ರೂಪಾಯಿ. ಪಾಲಿಸಿಗೆ ಸೇರದ ಸಣ್ಣಪುಟ್ಟ ಬಾಬ್ತು 15,000 ಕಳೆದು 2,45,000 ರೂಪಾಯಿಯನ್ನು ಆಸ್ಪತ್ರೆ ವೆಚ್ಚದ ವಿಮೆ ಕೊಡುತ್ತದೆ. ಅವರು ಏಪ್ರಿಲ್ 2 ದಾಟಿದರೆಂದರೆ ಹತ್ತು ಲಕ್ಷದ ಇಡುಗಂಟಿಗೂ ಅರ್ಹರು. ತಿಂಗಳುಗಟ್ಟಲೆ ತೋಟಕ್ಕೆ ಇಳಿಯಲಾಗದವರಿಗೆ ಆಳುಗಳ ಕೂಲಿಗೂ ಮಾತ್ರೆಗೂ ಮಂಗಳೂರಿನ ಓಡಾಟಕ್ಕೂ ಆಗುವ ಹಣ ಅದು.

ಇನ್ನು ಇದೇ ಕಥೆಯನ್ನು ಸ್ವಲ್ಪ ಬದಲಿಸಿ ನೋಡೋಣ. ಅವರು ಮಾರ್ಚ್ 20ರಂದು ತೀರಿಕೊಂಡರೆಂದು ಭಾವಿಸಿದರೆ, ಆಸ್ಪತ್ರೆ ವೆಚ್ಚದ ವಿಮೆ ಆಗಲೂ ಬಿಲ್ಲಿನ ಹಣ ಕೊಡುತ್ತದೆ. ಹತ್ತು ಲಕ್ಷದ ಪಾಲಿಸಿಯಿಂದ ಮನೆಯವರಿಗೆ ಏನೂ ಬಾರದು. ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದ್ದರೂ ಅಷ್ಟೇ.

ಮತ್ತೊಂದು ಬಗೆ: ಎದೆನೋವು ಬಂದದ್ದು ನಿಜ, ರಕ್ತನಾಳ ಕಟ್ಟಿಕೊಂಡದ್ದೂ ನಿಜ. ಆದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿಲ್ಲ, ಟ್ರೋಪೋನಿನ್ ಏರಿಲ್ಲ. ವೈದ್ಯರು ಅಂಜೈನಾ ಎಂದು ಬರೆದು, ಅದೇ ಸ್ಟೆಂಟ್ ಹಾಕಿ, ಅಷ್ಟೇ ಬಿಲ್ಲು ಕೊಟ್ಟಿದ್ದಾರೆ. ಇಲ್ಲಿಯೂ ಆಸ್ಪತ್ರೆ ವೆಚ್ಚದ ವಿಮೆ ಹಣ ಕೊಡುತ್ತದೆ. ಇಡುಗಂಟು ಮಾತ್ರ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪೆನಿಗಳಿಗೂ ಗೊತ್ತುಪಡಿಸಿರುವ ವ್ಯಾಖ್ಯೆಯಲ್ಲಿ ಯಾವ ಬಗೆಯ ಅಂಜೈನಾಕ್ಕೂ ಹೃದಯಾಘಾತದ ಸ್ಥಾನವಿಲ್ಲ. ಬೈಪಾಸ್ ಶಸ್ತ್ರಕ್ರಿಯೆಯ ವ್ಯಾಖ್ಯೆಯಲ್ಲಿ ಆಂಜಿಯೋಪ್ಲಾಸ್ಟಿ ಸೇರಿಲ್ಲ. ಕೆಲವು ಪಾಲಿಸಿಗಳು ಆಂಜಿಯೋಪ್ಲಾಸ್ಟಿಯನ್ನು ಬೇರೆಯಾಗಿ ಹೆಸರಿಸಿ ಮೊತ್ತದ ಒಂದು ಪಾಲನ್ನಷ್ಟೇ ಕೊಡುತ್ತವೆ. ಹೀಗೆ, ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿ ಒಂದೇ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರಿಗೆ ಹತ್ತು ಲಕ್ಷ, ಮತ್ತೊಬ್ಬರಿಗೆ ಸೊನ್ನೆ ಆಗಬಹುದು. ಆದುದರಿಂದ ಆಸ್ಪತ್ರೆಯಿಂದ ಹೊರಡುವಾಗ ಮೊದಲ ದಿನದ ಇಸಿಜಿ ಮತ್ತು ಆಂಜಿಯೋಪ್ಲಾಸ್ಟಿಗೆ ಮುಂಚಿನ ರಕ್ತಪರೀಕ್ಷೆಯ ವರದಿಗಳನ್ನು ಕೇಳಿ ಪಡೆಯಬೇಕು. ಚಿಕಿತ್ಸೆಯ ಅನಂತರ ಏರಿದ ಟ್ರೋಪೋನಿನ್ ಲೆಕ್ಕಕ್ಕೆ ಬರುವುದಿಲ್ಲ.

ಪಾರ್ಶ್ವವಾಯುವಿನಲ್ಲಿ ಇನ್ನೊಂದು ತೊಡಕಿದೆ. ಬದುಕುಳಿಯುವ ಅವಧಿ 30 ದಿನವೆಂದು ಬರೆದಿದ್ದರೂ, ನರಗಳ ಶಾಶ್ವತ ಊನ ಕನಿಷ್ಠ ಮೂರು ತಿಂಗಳಿಂದ ಇದೆ ಎಂಬುದಕ್ಕೆ ಸಾಕ್ಷ್ಯ ಕೊಡಬೇಕು. ಅಷ್ಟರಲ್ಲಿ ಕೈಕಾಲು ಪೂರ್ಣ ಸರಿಹೋದರೆ ಇಡುಗಂಟಿಲ್ಲ. ಸರಿಹೋಗದಿದ್ದರೂ ಅಲ್ಲಿಯ ತನಕದ ಖರ್ಚಿಗೆ ಈ ಪಾಲಿಸಿಯನ್ನು ನಂಬುವಂತಿಲ್ಲ. ಕ್ಯಾನ್ಸರಿನಲ್ಲಿಯೂ, ಹುಟ್ಟಿದ ಪದರವನ್ನು ದಾಟಿ ಹರಡದ ತೀರ ಆರಂಭದ ಹಂತ ಸಾಮಾನ್ಯವಾಗಿ ವ್ಯಾಖ್ಯೆಯ ಹೊರಗಿದೆ.

ಬದುಕುಳಿಯುವ ಅವಧಿಯನ್ನು ಕಾಯುವ ಅವಧಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಕಾಯುವ ಅವಧಿಯ ಎಣಿಕೆ ಪಾಲಿಸಿ ಕೊಂಡ ದಿನದಿಂದ. ಗಂಭೀರ ಕಾಯಿಲೆಯ ವಿಮೆಯಲ್ಲಿ ಇದು ಸಾಮಾನ್ಯವಾಗಿ 90 ದಿನ. ಅದರೊಳಗೆ ಕಾಯಿಲೆ ಕಂಡುಬಂದರೆ ಹಣವಿಲ್ಲ. ಬದುಕುಳಿಯುವ ಅವಧಿಯ ಎಣಿಕೆ ಕಾಯಿಲೆ ಗೊತ್ತಾದ ದಿನದಿಂದ. ಆಸ್ಪತ್ರೆ ವೆಚ್ಚದ ವಿಮೆಯಲ್ಲಿ ಮೊದಲನೆಯದುಂಟು, ಎರಡನೆಯದಿಲ್ಲ.

ಹಾಗಾದರೆ ಗಂಭೀರ ಕಾಯಿಲೆಯ ವಿಮೆ ಬೇಡವೇ? ಬೇಡವೆನ್ನುವುದಿಲ್ಲ. ದುಡಿಯುವ ಒಂದೇ ಜೀವವನ್ನು ನಂಬಿದ ಮನೆಗೆ ಅದು ಬೇಕು. ಆದರೆ ಅದು ಎರಡನೆಯ ಪಾಲಿಸಿಯಾಗಿರಬೇಕು. ಆಸ್ಪತ್ರೆ ವೆಚ್ಚದ ವಿಮೆ ಮೊದಲು, ಅನಂತರ ಇಡುಗಂಟು. ಡೆಂಗಿಗೂ ಕಾಲು ಮುರಿತಕ್ಕೂ ಅಪೆಂಡಿಸೈಟಿಸಿಗೂ ಇಡುಗಂಟಿನ ಪಾಲಿಸಿ ಬಿಡಿಗಾಸೂ ಕೊಡದು. ಆಸ್ಪತ್ರೆ ಸೇರುವವರಲ್ಲಿ ಹೆಚ್ಚಿನವರು ಇಂಥ ಕಾಯಿಲೆಗಳವರೇ.

ಕೊನೆಯದಾಗಿ ಭಾಷೆಯ ಮಾತು. ‘ಅಂಜೈನಾ’, ‘ಮೂರು ತಿಂಗಳು’, ‘30 ದಿನ’ ಎಂಬ ಈ ಪದಗಳ ಮೇಲೆ ಲಕ್ಷಗಳು ನಿಂತಿರುವಾಗ, ಅವನ್ನು ಓದಲಾರದ ಕಾಗದಕ್ಕೆ ನಮ್ಮವರು ರುಜು ಹಾಕುತ್ತಿದ್ದಾರೆ. ಪಾಲಿಸಿಯ ಸಾರವನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಕೊಡಬೇಕು, ಗ್ರಾಹಕರು ಬಯಸಿದರೆ ಅದು ಸ್ಥಳೀಯ ಭಾಷೆಯಲ್ಲಿ ಸಿಗಬೇಕು ಎಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮನೆಗಳಿಗೆ ಸ್ಥಳೀಯ ಭಾಷೆ ಎಂದರೆ ಕನ್ನಡವೇ. ಕೇರಳದ ಕಚೇರಿ ಎಂದು ಮಲೆಯಾಳದ ಪತ್ರ ಕೊಟ್ಟು ಕೈತೊಳೆದುಕೊಳ್ಳುವುದು ನಿಯಮದ ಆಶಯಕ್ಕೆ ಸಲ್ಲದು. ಕನ್ನಡದ ಪತ್ರ ಬೇಕೆಂದು ಲಿಖಿತವಾಗಿ ಕೇಳಿ, ಓದಿದ ಮೇಲೆಯೇ ರುಜು ಹಾಕಬೇಕು. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ. ಏಜಂಟರು ಬಾಯಲ್ಲಿ ಹೇಳಿದ್ದೂ ಪತ್ರದಲ್ಲಿ ಬರೆದದ್ದೂ ಹೊಂದದಿದ್ದರೆ, ಆ 30 ದಿನ ಕಳೆಯುವ ಮುಂಚೆಯೇ ಪಾಲಿಸಿಯನ್ನು ಹಿಂದಿರುಗಿಸುವುದು ಲೇಸು.