ತಪ್ಪು ಬೆರಳಿನದೋ, ತಲೆಯದೋ?

ನಮ್ಮ ಕಾಲೇಜಿನಲ್ಲಿ ಹೊರರಾಜ್ಯದ ಗೆಳೆಯರಿಗೆ ‘ಬಳಕೆ ಕನ್ನಡ’ ತರಗತಿ ಇದೆ. ಉಕ್ತಲೇಖನವನ್ನು ಅವರು ಕಂಪ್ಯೂಟರಿನಲ್ಲಿ ‘ನುಡಿ’ ಬಳಸಿ ಟೈಪ್ ಮಾಡುತ್ತಾರೆ. ತಿದ್ದುವಾಗ ಮಾತ್ರ ಎಲ್ಲ ತಪ್ಪಿಗೂ ಒಂದೇ ಕೆಂಪು ಗೆರೆ, ಒಂದೇ ಅರ್ಧ ಅಂಕ ಕಡಿತ. ಇದು ಸರಿಯಲ್ಲ ಎಂಬುದು ನನ್ನ ವಾದ. ಕಾಗುಣಿತ ಗೊತ್ತಿಲ್ಲದವನಿಗೆ ಪಾಠ ಬೇಕು. ಬೆರಳು ಜಾರಿದವನಿಗೆ ಟೈಪಿಂಗ್ ಅಭ್ಯಾಸ ಸಾಕು.

ಎರಡನ್ನೂ ಬೇರ್ಪಡಿಸುವುದು ಹೇಗೆ? ತಪ್ಪು ಪದವನ್ನು ಅಕ್ಷರವಾಗಿ ನೋಡದೆ, ಒತ್ತಿದ ಕೀಲಿಗಳಾಗಿ ಬಿಡಿಸಿ ನೋಡಬೇಕು. ನುಡಿಯಲ್ಲಿ ‘ಅಕ್ಕ’ ಬರೆಯಲು `akfk` ಒತ್ತಬೇಕು. ನಡುವಿನ `f` ತಪ್ಪಿದರೆ ‘ಅಕಕ’ ಆಗುತ್ತದೆ. ಹಾಗೆ ಉಚ್ಚರಿಸುವವರೂ ಇಲ್ಲ, ಬರೆಯುವವರೂ ಇಲ್ಲ. ಅದು ಬೆರಳಿನ ತಪ್ಪು. ಆದರೆ ‘ಕತ್ತೆ’ ಹೋಗಿ ‘ಕತೆ’ ಆಗಿದ್ದರೆ `f` ಜೊತೆಗೆ ಒಂದು `t` ಕೂಡ ಬಿಟ್ಟುಹೋಗಿದೆ. ಎರಡು ಕೀಲಿ ಒಟ್ಟಿಗೆ ತಪ್ಪುವುದು ಅಪರೂಪ. ಅವನ ಕಿವಿಗೆ ಒತ್ತಕ್ಷರ ಕೇಳಿಸಿಲ್ಲ ಎಂದೇ ತಿಳಿಯಬೇಕು.

ಶಿಫ್ಟ್ ಕೀಲಿಯದು ಇನ್ನೂ ಸೂಕ್ಷ್ಮ. `n` ಒತ್ತಿದರೆ ‘ನ’, ಶಿಫ್ಟ್ ಜೊತೆ ಒತ್ತಿದರೆ ‘ಣ’. ‘ಆನೆ’ ಬದಲು ‘ಆಣೆ’ ಬಂದಿದ್ದರೆ, ‘ಆ’ಗೆ ಹಿಡಿದ ಶಿಫ್ಟನ್ನು ಬಿಡಲು ತಡವಾಗಿರಬಹುದು. ‘ಮನೆ’ ‘ಮಣೆ’ಯಾದರೆ ಆ ನೆಪ ಇಲ್ಲ, ಅಕ್ಕಪಕ್ಕದ ಅಕ್ಷರಗಳಿಗೆ ಶಿಫ್ಟ್ ಬೇಕಿಲ್ಲ. ‘ಮಣೆ’ಯೂ ಸರಿಯಾದ ಪದವೇ ಆದ್ದರಿಂದ ಪದಪರೀಕ್ಷಕವೂ ಅದನ್ನು ಹಿಡಿಯುವುದಿಲ್ಲ. ‘ಭಾಷೆ’ ‘ಭಾಶೆ’ಯಾದರೂ ಹಾಗೆಯೇ. ‘ಷ’ ಇರುವುದು `x` ಕೀಲಿಯಲ್ಲಿ, ‘ಶ’ ಇರುವುದು ಶಿಫ್ಟ್ ಹಿಡಿದ `s` ಕೀಲಿಯಲ್ಲಿ. ಕೀಲಿಯೂ ಬೇರೆ, ಶಿಫ್ಟೂ ಬೇರೆ. ಅದು ತಲೆಯ ತಪ್ಪು.

ಉಳಿಯುವುದು ‘ಭಾಷೆ’ ‘ಬಾಷೆ’ಯಾದಂಥ ಸಂದರ್ಭ. ಶಿಫ್ಟ್ ತಡವಾಗಿ ಒತ್ತಿರಬಹುದು, ಮಹಾಪ್ರಾಣವೇ ಗೊತ್ತಿಲ್ಲದೆಯೂ ಇರಬಹುದು. ಒಂದೇ ಪದ ನೋಡಿ ತೀರ್ಪು ಕೊಡಲಾಗದು. ಅದೇ ಹಾಳೆಯಲ್ಲಿ ಭೂಮಿ, ಭಾರ, ಅಭ್ಯಾಸ ಸರಿಯಿದ್ದರೆ ಬೆರಳನ್ನು ದೂರಬಹುದು. ಅಲ್ಲೂ ‘ಬ’ ಇದ್ದರೆ ಪಾಠ ಮತ್ತೆ ಹೇಳಬೇಕು. ಆಗಲೂ ಅನುಮಾನ ಉಳಿದರೆ ಆ ಪದವನ್ನು ಪೆನ್ನಿನಿಂದ ಬರೆಸಿ ನೋಡಬೇಕು. ಪೆನ್ನಿಗೆ ಶಿಫ್ಟ್ ಇಲ್ಲ.

ಒಂದು ಎಚ್ಚರ: ಈ ಲೆಕ್ಕ ನುಡಿಯ ವಿನ್ಯಾಸಕ್ಕೆ ಮಾತ್ರ. ಇನ್‌ಸ್ಕ್ರಿಪ್ಟಿನಲ್ಲಿ ‘ನ’ ಇರುವುದು `v` ಕೀಲಿಯಲ್ಲಿ, ‘ಣ’ ಇರುವುದು ಶಿಫ್ಟ್ ಹಿಡಿದ `c` ಕೀಲಿಯಲ್ಲಿ. ಅಲ್ಲಿ ‘ಆಣೆ’ಗೂ ವಿನಾಯಿತಿ ಸಿಗದು. ಆದ್ದರಿಂದ ಯಾವ ಕೀಲಿಮಣೆ ಬಳಸಿದ್ದು ಎಂಬುದನ್ನು ಹಾಳೆಯ ಮೇಲೆಯೇ ಬರೆಸಲಿ. ಗುರುಗಳು ಎರಡು ಬಣ್ಣದಲ್ಲಿ ತಿದ್ದಲಿ, ಕೆಂಪಿಗೆ ಮಾತ್ರ ಅಂಕ ಕಳೆಯಲಿ. ಕಲಿಯುವವನಿಗೆ ತಾನು ಓದಬೇಕಾದ್ದು ಯಾವುದು ಎಂದಾದರೂ ತಿಳಿಯುತ್ತದೆ.

– ಬಿಇ ವಿದ್ಯಾರ್ಥಿ, ಬಾಡಗಂಡಿ